ಸಂದರ್ಶಕ ವೈದ್ಯರ ತಪ್ಪು ಮತ್ತು ಆಸ್ಪತ್ರೆಯ ಹೊಣೆ

ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ರೋಗಿಗೆ ಹಾನಿಯಾದರೆ ತಪ್ಪು ಮಾಡಿದ ವೈದ್ಯರ ಜೊತೆಗೆ ಆಸ್ಪತ್ರೆಯೂ ಪರಿಹಾರ ಕೊಡಬೇಕೆ ಎಂಬುದು ಅಪಕೃತ್ಯ ಕಾನೂನಿನ ಹಳೆಯ ಪ್ರಶ್ನೆಗಳಲ್ಲಿ ಒಂದು. ತಪ್ಪು ಮಾಡಿದವರು ತಿಂಗಳ ಸಂಬಳದ ನರ್ಸ್, ಡ್ಯೂಟಿ ಡಾಕ್ಟರ್ ಅಥವಾ ಲ್ಯಾಬ್ ತಂತ್ರಜ್ಞರಾಗಿದ್ದರೆ ಉತ್ತರ ಸುಲಭ: ನೌಕರನು ಕೆಲಸದ ಅವಧಿಯಲ್ಲಿ ಮಾಡಿದ ತಪ್ಪಿಗೆ ಮಾಲೀಕನು ಹೊಣೆ. ವಾರಕ್ಕೆರಡು ದಿನ ಬಂದು ರೋಗಿಗಳನ್ನು ನೋಡಿ, ಶಸ್ತ್ರಚಿಕಿತ್ಸೆ ಮಾಡಿ, ತನ್ನ ಪಾಲಿನ ಶುಲ್ಕ ಪಡೆದು ಹೋಗುವ ವಿಸಿಟಿಂಗ್ ಕನ್ಸಲ್ಟೆಂಟ್ ತಪ್ಪು ಮಾಡಿದಾಗ ತೊಡಕು ಹುಟ್ಟುತ್ತದೆ. ಅವರು ನಮ್ಮ ನೌಕರರಲ್ಲ, ನಾವು ಹಾಸಿಗೆ, ಥಿಯೇಟರ್, ನರ್ಸ್‌ಗಳನ್ನು ಒದಗಿಸಿದ್ದೇವೆ ಅಷ್ಟೆ ಎಂದು ಆಸ್ಪತ್ರೆ ಹೇಳುತ್ತದೆ. ಭಾರತದ ನ್ಯಾಯಾಲಯಗಳು ಈ ವಾದವನ್ನು ಬಹುಮಟ್ಟಿಗೆ ತಳ್ಳಿಹಾಕಿವೆ. ರೋಗಿಯ ಎದುರಿಗೆ ಸಂಬಳದವರು, ಸಂದರ್ಶಕರು ಎಂಬ ಭೇದಕ್ಕೆ ಇಂದು ಹೆಚ್ಚು ಬೆಲೆ ಉಳಿದಿಲ್ಲ. ಆದರೆ ಆಸ್ಪತ್ರೆ ಮತ್ತು ವೈದ್ಯರ ನಡುವಿನ ಲೆಕ್ಕದಲ್ಲಿ ಅದಕ್ಕೆ ಪೂರ್ತಿ ಜೀವವಿದೆ. ಈ ಲೇಖನ ಮುಖ್ಯವಾಗಿ ಭಾರತದ ಖಾಸಗಿ ಆಸ್ಪತ್ರೆಗಳನ್ನು ಕುರಿತದ್ದು.

ಎರಡು ಬಗೆಯ ಹೊಣೆ

ಆಸ್ಪತ್ರೆಯ ಮೇಲೆ ಹೊಣೆ ಎರಡು ದಾರಿಯಲ್ಲಿ ಬರುತ್ತದೆ. ಮೊದಲನೆಯದು ನೇರ ಹೊಣೆ. ಆಮ್ಲಜನಕದ ಪೂರೈಕೆ ನಿಂತುಹೋಗುವುದು, ತುರ್ತು ಸಂದರ್ಭಕ್ಕೆ ರಕ್ತ ಸಿಗದಿರುವುದು, ಅರ್ಹತೆ ಇಲ್ಲದವರನ್ನು ನರ್ಸ್ ಎಂದು ನೇಮಿಸುವುದು, ರಾತ್ರಿ ಪಾಳಿಗೆ ವೈದ್ಯರೇ ಇಲ್ಲದಿರುವುದು, ಇವೆಲ್ಲ ಆಸ್ಪತ್ರೆಯ ಸ್ವಂತ ಲೋಪಗಳು. ಇಲ್ಲಿ ತಪ್ಪು ಮಾಡಿದ ವ್ಯಕ್ತಿ ಯಾರೆಂದು ಹುಡುಕುವ ಅಗತ್ಯವೇ ಇಲ್ಲ. ಎರಡನೆಯದು ಪರೋಕ್ಷ ಹೊಣೆ. ತಪ್ಪು ಇನ್ನೊಬ್ಬರದು, ಉತ್ತರ ಕೊಡುವುದು ಆಸ್ಪತ್ರೆ. ಪರೋಕ್ಷ ಹೊಣೆ ಹುಟ್ಟಬೇಕಾದರೆ ಮೊದಲು ಯಾರೋ ಒಬ್ಬ ವ್ಯಕ್ತಿಯ ನಿರ್ಲಕ್ಷ್ಯ ಸಾಬೀತಾಗಬೇಕು, ಆಮೇಲೆ ಆ ವ್ಯಕ್ತಿಗೂ ಆಸ್ಪತ್ರೆಗೂ ಇರುವ ನಂಟು ಯಾವ ಬಗೆಯದು ಎಂಬುದನ್ನು ನೋಡಬೇಕು. ಸಂದರ್ಶಕ ವೈದ್ಯರ ವಿಚಾರದಲ್ಲಿ ಜಗಳವೆಲ್ಲ ಈ ಎರಡನೆಯ ಹೆಜ್ಜೆಯಲ್ಲಿ.

ಹಳೆಯ ಕಾನೂನು ಈ ನಂಟನ್ನು ಅಳೆಯುತ್ತಿದ್ದದ್ದು ಹತೋಟಿಯಿಂದ. ಏನು ಮಾಡಬೇಕು ಎಂದು ಹೇಳುವುದರ ಜೊತೆಗೆ ಹೇಗೆ ಮಾಡಬೇಕು ಎಂದೂ ಹೇಳುವ ಅಧಿಕಾರ ಯಾರಿಗಿದೆಯೋ ಅವನು ಮಾಲೀಕ. ಸೇವಾ ಕರಾರಿನಲ್ಲಿ ದುಡಿಯುವವನು ನೌಕರ. ತನ್ನ ಜಾಣ್ಮೆಯಿಂದ ಒಂದು ಕೆಲಸ ಮುಗಿಸಿಕೊಡಲು ಒಪ್ಪಿಕೊಂಡವನು ಸ್ವತಂತ್ರ ಗುತ್ತಿಗೆದಾರ. ಕಾರ್ಖಾನೆಯಲ್ಲಿ ಈ ಅಳತೆ ಸರಿಯಾಗಿ ನಡೆಯುತ್ತದೆ. ಶಸ್ತ್ರಚಿಕಿತ್ಸಕನಿಗೆ ಕತ್ತರಿ ಎಲ್ಲಿ ಇಡಬೇಕೆಂದು ಆಸ್ಪತ್ರೆಯ ಆಡಳಿತಾಧಿಕಾರಿ ಹೇಳಲಾರ, ಆ ವೈದ್ಯ ಸಂಬಳದವನಾಗಿದ್ದರೂ ಹೇಳಲಾರ. ಹತೋಟಿಯನ್ನೇ ಅಳತೆಯಾಗಿ ಇಟ್ಟುಕೊಂಡರೆ ಯಾವ ವೈದ್ಯನ ತಪ್ಪಿಗೂ ಆಸ್ಪತ್ರೆ ಸಿಕ್ಕಿಬೀಳುವುದಿಲ್ಲ. ಇಂಗ್ಲೆಂಡಿನಲ್ಲಿ ಮೊದಲು ಆದದ್ದು ಹಾಗೆಯೇ.

ಇಂಗ್ಲೆಂಡಿನ ಹಾದಿ

1909ರ ಹಿಲ್ಯರ್ ಪ್ರಕರಣದಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂಸ್ ಆಸ್ಪತ್ರೆಯ ಆಪರೇಷನ್ ಮೇಜಿನ ಮೇಲೆ ಅರಿವಳಿಕೆಯಲ್ಲಿ ಮಲಗಿದ್ದ ರೋಗಿಯ ತೋಳು ಬಿಸಿನೀರಿನ ಡಬ್ಬಿಗೆ ತಾಗಿ ಸುಟ್ಟಿತು. ಆಸ್ಪತ್ರೆ ಹೊಣೆಯಲ್ಲ ಎಂದು ನ್ಯಾಯಾಲಯ ಹೇಳಿತು. ಅರ್ಹ ವೈದ್ಯರನ್ನು ಆರಿಸಿ ಒದಗಿಸಿದರೆ ಆಸ್ಪತ್ರೆಯ ಕರ್ತವ್ಯ ಮುಗಿಯಿತು, ಥಿಯೇಟರಿನೊಳಗೆ ನರ್ಸ್‌ಗಳೂ ವೈದ್ಯರ ಮಾತಿಗೆ ಒಳಪಟ್ಟವರು ಎಂಬುದು ಆ ತೀರ್ಪಿನ ಹುರುಳು. ಆಗಿನ ಆಸ್ಪತ್ರೆಗಳು ದಾನದ ಹಣದಿಂದ ನಡೆಯುತ್ತಿದ್ದವು. ನ್ಯಾಯಾಲಯಕ್ಕೆ ಅವುಗಳ ಮೇಲೆ ಮೃದುಭಾವ ಇದ್ದದ್ದು ಸಹಜ.

ಆ ನಿಲುವು ಮೆಲ್ಲಗೆ ಕರಗುತ್ತ ಬಂದಾಗ ನಡುದಾರಿಯಲ್ಲಿ ಒಂದು ತೀರ್ಪು ಬಂತು. ಸಂಬಳದವರನ್ನೂ ಸಂದರ್ಶಕರನ್ನೂ ಒಂದೇ ಘಟನೆಯಲ್ಲಿ ಪಕ್ಕಪಕ್ಕ ನಿಲ್ಲಿಸಿ ಬೇರೆಬೇರೆಯಾಗಿ ಅಳೆದ ಕಾರಣಕ್ಕೆ ಅದನ್ನು ಗಮನಿಸಬೇಕು. 1947ರ ಕಾಲಿನ್ಸ್ ಪ್ರಕರಣದಲ್ಲಿ ಹರ್ಟ್‌ಫರ್ಡ್‌ಷೈರ್‌ನ ಆಸ್ಪತ್ರೆಗೆ ಬರುತ್ತಿದ್ದ ಸಂದರ್ಶಕ ಶಸ್ತ್ರಚಿಕಿತ್ಸಕರು ಪ್ರೊಕೇನ್ ಎಂಬ ಅರಿವಳಿಕೆ ಔಷಧ ಸಿದ್ಧವಿಡುವಂತೆ ಫೋನಿನಲ್ಲಿ ಹೇಳಿದರು. ಈಚೆಯಿಂದ ಕೇಳಿಸಿಕೊಂಡ ಕಿರಿಯ ನಿವಾಸಿ ವೈದ್ಯೆಗೆ ಅದು ಕೊಕೇನ್ ಎಂದು ಕೇಳಿಸಿತು. ಔಷಧಾಲಯದವರು ಕೇಳಿದ್ದನ್ನು ಪ್ರಶ್ನಿಸದೆ ತಯಾರಿಸಿದರು. ಶಸ್ತ್ರಚಿಕಿತ್ಸಕರು ಪರೀಕ್ಷಿಸದೆ ಚುಚ್ಚಿದರು. ರೋಗಿ ಸತ್ತ. ನಿವಾಸಿ ವೈದ್ಯೆ ಮತ್ತು ಔಷಧಾಲಯದವರ ತಪ್ಪಿಗೆ ಆಸ್ಪತ್ರೆ ಹೊಣೆ, ಸಂದರ್ಶಕ ಶಸ್ತ್ರಚಿಕಿತ್ಸಕರ ತಪ್ಪಿಗೆ ಅವರೇ ಹೊಣೆ ಎಂದು ತೀರ್ಪಾಯಿತು. ಒಂದೇ ಚುಚ್ಚುಮದ್ದಿನಲ್ಲಿ ಮೂವರ ತಪ್ಪು ಸೇರಿತ್ತು, ಕಾನೂನು ಅದನ್ನು ಸಂಬಳದ ಪಟ್ಟಿ ನೋಡಿ ಸೀಳಿತು.

1951ರ ಕ್ಯಾಸಿಡಿ ತೀರ್ಪು ಈ ಸೀಳನ್ನು ಮುಚ್ಚುವ ದಾರಿ ತೋರಿಸಿತು. ಎರಡು ಬೆರಳು ಬಾಗಿ ಬಿಗಿದಿದ್ದ ಕಾರ್ಮಿಕರೊಬ್ಬರು ಶಸ್ತ್ರಚಿಕಿತ್ಸೆಗೆ ಸೇರಿದರು. ಕೈಯನ್ನು ಎರಡು ವಾರ ಪಟ್ಟಿ ಕಟ್ಟಿ ಇಟ್ಟರು. ನೋವೆಂದು ಅವರು ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪಟ್ಟಿ ಬಿಚ್ಚಿದಾಗ ನಾಲ್ಕೂ ಬೆರಳು ಕೆಲಸಕ್ಕೆ ಬಾರದಂತಾಗಿದ್ದವು. ಯಾರಿಂದ ತಪ್ಪಾಯಿತೆಂದು ರೋಗಿ ಬೆರಳು ಮಾಡಿ ತೋರಿಸಬೇಕಿಲ್ಲ, ಹೀಗೇಕೆ ಆಯಿತೆಂದು ಆಸ್ಪತ್ರೆಯೇ ವಿವರಿಸಬೇಕು ಎಂದು ನ್ಯಾಯಾಲಯ ಹೇಳಿತು. ನ್ಯಾಯಮೂರ್ತಿ ಡೆನ್ನಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವೈದ್ಯರು ಪೂರ್ಣಾವಧಿಯವರೋ ಅರೆಕಾಲಿಕರೋ, ಸೇವಾ ಕರಾರು ಯಾವ ಬಗೆಯದು ಎಂಬುದು ಮುಖ್ಯವಲ್ಲ; ಆ ವೈದ್ಯರನ್ನು ಆರಿಸಿದ್ದು ಯಾರು, ನೇಮಿಸಿದ್ದು ಯಾರು, ರೋಗಿಯೋ ಆಸ್ಪತ್ರೆಯೋ ಎಂಬುದೇ ಮುಖ್ಯ ಎಂದರು. ಭಾರತದ ತೀರ್ಪುಗಳಲ್ಲಿ ಮುಂದೆ ಬೇರೂರಿದ್ದು ಈ ಮಾತು.

ಭಾರತದಲ್ಲಿ ಪ್ರಶ್ನೆ ಗಟ್ಟಿಯಾದದ್ದು

1986ರ ಗ್ರಾಹಕ ರಕ್ಷಣಾ ಕಾಯ್ದೆ ಬರುವ ತನಕ ವೈದ್ಯಕೀಯ ನಿರ್ಲಕ್ಷ್ಯದ ದಾವೆಗಳು ಸಿವಿಲ್ ನ್ಯಾಯಾಲಯದ ನಿಧಾನಗತಿಯಲ್ಲೇ ಸವೆಯುತ್ತಿದ್ದವು. 1995ರ ನವೆಂಬರ್ 13ರಂದು ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಶುಲ್ಕ ಪಡೆದು ನೀಡುವ ಚಿಕಿತ್ಸೆ ಕಾಯ್ದೆಯ ಅರ್ಥದಲ್ಲಿ ಸೇವೆಯೇ ಎಂದು ನಿರ್ಧರಿಸಿತು. ಎಲ್ಲ ರೋಗಿಗಳಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಮಾತ್ರ ಹೊರಗುಳಿದವು. ಆ ಬಳಿಕ ಗ್ರಾಹಕ ವೇದಿಕೆಗಳ ಮುಂದೆ ಆಸ್ಪತ್ರೆಗಳ ಮೊದಲ ಸಾಲಿನ ಪ್ರತಿವಾದವೇ ‘ಅವರು ನಮ್ಮವರಲ್ಲ’ ಎಂಬುದಾಯಿತು.

ಸಂಬಳದ ಸಿಬ್ಬಂದಿಯ ವಿಷಯದಲ್ಲಿ ಅಂಥ ಪ್ರತಿವಾದಕ್ಕೆ ಜಾಗವಿರಲಿಲ್ಲ. 1998ರಲ್ಲಿ ತೀರ್ಮಾನವಾದ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣದಲ್ಲಿ ಮಗುವಿಗೆ ಕ್ಲೋರಾಂಫೆನಿಕಾಲ್ ಕೊಡಬೇಕಿದ್ದ ಕಡೆ ನರ್ಸ್ ಕ್ಲೋರೋಕ್ವಿನ್ ಅನ್ನು ರಕ್ತನಾಳಕ್ಕೆ ಕೊಟ್ಟಿದ್ದರು. ಮಗುವಿನ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಯಿತು. ಚುಚ್ಚುಮದ್ದನ್ನು ತಾವೇ ಕೊಡುವ ಬದಲು ನರ್ಸಿಗೆ ಬಿಟ್ಟ ನಿವಾಸಿ ವೈದ್ಯರೂ ತಪ್ಪಿತಸ್ಥರು, ಅವರಿಬ್ಬರ ತಪ್ಪಿಗೆ ಆಸ್ಪತ್ರೆ ಹೊಣೆ ಎಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮಗುವಿಗೆ 12.5 ಲಕ್ಷ, ತಂದೆತಾಯಿಗೆ ಬೇರೆಯಾಗಿ 5 ಲಕ್ಷ ರೂಪಾಯಿ ಪರಿಹಾರ ಸಿಕ್ಕಿತು. ಅವರು ನೌಕರರೋ ಅಲ್ಲವೋ ಎಂಬ ಚರ್ಚೆಗೆ ಇಲ್ಲಿ ಆಸ್ಪದವೇ ಇರಲಿಲ್ಲ.

ಸಂದರ್ಶಕರ ವಿಷಯದಲ್ಲಿ ಬಾಗಿಲು ತೆರೆದದ್ದು ಬಿಲ್ಲು. 2003ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗದ ಮುಂದೆ ಮುಂಬೈನ ಬಾಂಬೆ ಹಾಸ್ಪಿಟಲ್ ಟ್ರಸ್ಟ್, ತಾನು ಸೌಕರ್ಯವನ್ನೂ ಶುಶ್ರೂಷಾ ಸಿಬ್ಬಂದಿಯನ್ನೂ ಒದಗಿಸುತ್ತೇನೆ, ಶಸ್ತ್ರಚಿಕಿತ್ಸೆಯ ತೀರ್ಮಾನ ನನ್ನದಲ್ಲ ಎಂದು ವಾದಿಸಿತು. ಆಯೋಗ ಹಣದ ಹಾದಿಯನ್ನು ನೋಡಿತು. ವೈದ್ಯರ ಶುಲ್ಕವೂ ಸೇರಿದಂತೆ ಬಿಲ್ಲು ಮಾಡುವುದು ಆಸ್ಪತ್ರೆ, ಅದರಲ್ಲಿ ಶೇ 20 ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ವೈದ್ಯರಿಗೆ ಕೊಡುವುದೂ ಆಸ್ಪತ್ರೆ. ಹಾಗಿರುವಾಗ ಮೇಲುಮೇಲಿನ ಕಾರಣ ಹೇಳಿ ಹೊಣೆಯಿಂದ ಜಾರಿಕೊಳ್ಳಲಾಗದು ಎಂದು ಆಯೋಗ ಹೇಳಿತು. ಸೇವೆಯನ್ನು ಮಾರಿದವನೇ ಸೇವೆಗೆ ಉತ್ತರ ಕೊಡಬೇಕೆಂಬ ಈ ದೃಷ್ಟಿ ನ್ಯಾಯವಾದದ್ದು, ಏಕೆಂದರೆ ರೋಗಿ ಕಾಣುವುದು ಆ ರಸೀದಿಯನ್ನೇ. ಆಸ್ಪತ್ರೆಗೂ ವೈದ್ಯರಿಗೂ ನಡುವೆ ಇರುವ ಕರಾರುಪತ್ರವನ್ನು ಅವನು ಎಂದೂ ಕಂಡಿರುವುದಿಲ್ಲ.

ಸವಿತಾ ಗರ್ಗ್ ತೀರ್ಪು

ಪ್ರಶ್ನೆ ನೇರವಾಗಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಸವಿತಾ ಗರ್ಗ್ ಮತ್ತು ನ್ಯಾಷನಲ್ ಹಾರ್ಟ್ ಇನ್‌ಸ್ಟಿಟ್ಯೂಟ್ ನಡುವಿನ ಪ್ರಕರಣದಲ್ಲಿ, 2004ರ ಅಕ್ಟೋಬರಿನಲ್ಲಿ. ದೆಹಲಿಯ ಆ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುವಾಗ ಪತಿ ತೀರಿಕೊಂಡರೆಂದು ಪತ್ನಿ ದೂರು ಕೊಟ್ಟಿದ್ದರು. ದೂರಿನಲ್ಲಿ ಎದುರುದಾರರನ್ನಾಗಿ ಹೆಸರಿಸಿದ್ದು ಸಂಸ್ಥೆಯನ್ನು. ಚಿಕಿತ್ಸೆ ನೀಡಿದ ವೈದ್ಯರನ್ನೂ ನರ್ಸ್‌ಗಳನ್ನೂ ಕಕ್ಷಿದಾರರನ್ನಾಗಿ ಸೇರಿಸಿಲ್ಲ ಎಂಬ ಒಂದೇ ಕಾರಣಕ್ಕೆ ರಾಷ್ಟ್ರೀಯ ಆಯೋಗ ದೂರನ್ನು ವಜಾ ಮಾಡಿತು. ನಿರ್ಲಕ್ಷ್ಯ ನಡೆದಿತ್ತೇ ಇಲ್ಲವೇ ಎಂಬ ತಿರುಳಿಗೆ ಆಯೋಗ ಹೋಗಲೇ ಇಲ್ಲ.

ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿ ದೂರನ್ನು ವಿಚಾರಣೆಗೆ ಹಿಂದಿರುಗಿಸಿತು. ತೀರ್ಪಿನಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮೂರು ಮಾತುಗಳಿವೆ. ದೊಡ್ಡ ಆಸ್ಪತ್ರೆಗೆ ಸೇರಿದ ರೋಗಿಗೆ, ಅವನ ಮನೆಯವರಿಗೆ ಯಾವ ಪಾಳಿಯಲ್ಲಿ ಯಾವ ವೈದ್ಯರು ಬಂದರು, ಯಾವ ನರ್ಸ್ ಯಾವ ಔಷಧ ಕೊಟ್ಟರು ಎಂಬುದು ಗೊತ್ತಿರುವುದಿಲ್ಲ, ಗೊತ್ತಿರಬೇಕೆಂದು ನಿರೀಕ್ಷಿಸುವಂತೆಯೂ ಇಲ್ಲ. ಆದ್ದರಿಂದ ವೈದ್ಯರ ಹೆಸರಿಲ್ಲವೆಂದು ದೂರು ಬಿದ್ದುಹೋಗುವುದಿಲ್ಲ. ರೋಗಿ ಆಸ್ಪತ್ರೆಗೆ ಸೇರಿದ, ಅಲ್ಲಿ ಹಾನಿಯಾಯಿತು ಎಂದು ಮೇಲ್ನೋಟಕ್ಕೆ ತೋರಿಸಿದ ಮೇಲೆ, ತಕ್ಕ ಎಚ್ಚರಿಕೆ ವಹಿಸಿದ್ದೆವು ಎಂದು ತೋರಿಸುವ ಭಾರ ಆಸ್ಪತ್ರೆಯ ಮೇಲೆ ಬೀಳುತ್ತದೆ; ಬೇಕಿದ್ದರೆ ಆ ವೈದ್ಯರನ್ನು ಸಾಕ್ಷಿಯಾಗಿ ಕರೆತರುವುದು ಆಸ್ಪತ್ರೆಯ ಕೆಲಸ. ನಮಗೆ ಬೇಕಾದದ್ದು ಮೂರನೆಯ ಮಾತು. ಆಸ್ಪತ್ರೆಯ ಕಾಯಂ ಸಿಬ್ಬಂದಿ ಸೇವಾ ಕರಾರಿನಲ್ಲಿ ಇರಬಹುದು, ಸಂದರ್ಶಕ ವೈದ್ಯರು ಬೇರೆ ಬಗೆಯ ಕರಾರಿನಲ್ಲಿ ಇರಬಹುದು. ರೋಗಿಯ ಮಟ್ಟಿಗೆ ಇಬ್ಬರ ತಪ್ಪಿಗೂ ಆಸ್ಪತ್ರೆ ಹೊಣೆ. ಇಬ್ಬರನ್ನೂ ಆರಿಸಿ ತಂದು ರೋಗಿಯ ಮುಂದೆ ನಿಲ್ಲಿಸಿದ್ದು ಆಸ್ಪತ್ರೆಯೇ.

ಮುಂದಿನ ತೀರ್ಪುಗಳು ಇದನ್ನೇ ಹಿಡಿದು ನಡೆದಿವೆ. 2019ರ ಡಿಸೆಂಬರಿನಲ್ಲಿ ಮಹಾರಾಜಾ ಅಗ್ರಸೇನ್ ಆಸ್ಪತ್ರೆಯ ಪ್ರಕರಣದಲ್ಲಿ, ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಕಣ್ಣಿನ ರೆಟಿನಾ ತಪಾಸಣೆ ತಪ್ಪಿ ದೃಷ್ಟಿ ಹೋದದ್ದಕ್ಕೆ ಸುಪ್ರೀಂ ಕೋರ್ಟು 76 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಆಸ್ಪತ್ರೆ ತೊಡಗಿಸಿಕೊಂಡ ವೈದ್ಯರಷ್ಟೇ ಅಲ್ಲ, ತನ್ನ ಪಟ್ಟಿಗೆ ಸೇರಿಸಿಕೊಂಡ ವೈದ್ಯರ ನಿರ್ಲಕ್ಷ್ಯಕ್ಕೂ ಅದು ಹೊಣೆ ಎಂಬುದು ಈಗ ನೆಲೆಗೊಂಡ ಮಾತು ಎಂದು ಅದು ದಾಖಲಿಸಿತು.

ಹಣ ಹಂಚಿಕೆಯ ವಿಷಯಕ್ಕೆ ಬಂದರೆ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ಪ್ರಕರಣ ಹೆಚ್ಚು ಕಲಿಸುತ್ತದೆ. 1998ರಲ್ಲಿ ಅಮೆರಿಕದಿಂದ ರಜೆಗೆ ಬಂದಿದ್ದ ಮಹಿಳೆಯೊಬ್ಬರಿಗೆ ಚರ್ಮದ ದದ್ದಿಗೆ ಹಿರಿಯ ವೈದ್ಯರೊಬ್ಬರು ದೀರ್ಘಕಾಲ ಕೆಲಸ ಮಾಡುವ ಸ್ಟಿರಾಯ್ಡ್ ಚುಚ್ಚುಮದ್ದನ್ನು 80 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಕೊಡಲು ಬರೆದರು. ರೋಗಿ ಆಸ್ಪತ್ರೆಗೆ ಸೇರಿದ ಹೊತ್ತಿಗೆ ಆ ವೈದ್ಯರು ಮೊದಲೇ ಗೊತ್ತಾಗಿದ್ದ ವಿದೇಶ ಪ್ರಯಾಣಕ್ಕೆ ಹೊರಟರು. ಉಳಿದ ವೈದ್ಯರು ಸ್ಟಿರಾಯ್ಡನ್ನು ಮುಂದುವರಿಸಿದರು. ಆಸ್ಪತ್ರೆಯಲ್ಲಿ ಸುಟ್ಟಗಾಯದ ರೋಗಿಗೆ ಬೇಕಾದಂಥ ಶುಶ್ರೂಷೆಯ ವ್ಯವಸ್ಥೆ ಇರಲಿಲ್ಲ. ಚರ್ಮ ಪದರ ಪದರವಾಗಿ ಸುಲಿದು, ಮುಂಬೈಗೆ ಸಾಗಿಸಿದ ಮೇಲೆ ಮೇ 28ರಂದು ಅವರು ತೀರಿಕೊಂಡರು. ಆಸ್ಪತ್ರೆಯೂ ವೈದ್ಯರೂ ಹೊಣೆ ಎಂದು 2009ರಲ್ಲಿ ನಿರ್ಧಾರವಾಯಿತು. ಪರಿಹಾರದ ಮೊತ್ತವನ್ನು 2013ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟು ಸುಮಾರು 6 ಕೋಟಿ ರೂಪಾಯಿಗೆ ಏರಿಸಿತು, ಅದರ ಮೇಲೆ ಶೇ 6 ಬಡ್ಡಿ. ಇಬ್ಬರು ವೈದ್ಯರು ತಲಾ 10 ಲಕ್ಷ, ಒಬ್ಬರು 5 ಲಕ್ಷ ಕೊಡಬೇಕು, ಉಳಿದದ್ದೆಲ್ಲ ಆಸ್ಪತ್ರೆಯದು. ತನ್ನ ಪಾಲು ಕಡಿಮೆ, ವೈದ್ಯರ ಪಾಲು ಹೆಚ್ಚು ಎಂದು ಆಸ್ಪತ್ರೆ ಎಳೆದಾಡಿದ್ದು ಫಲ ಕೊಡಲಿಲ್ಲ. ಸಂದರ್ಶಕರ ಕೈಯಿಂದ ಮೊದಲಾದ ತಪ್ಪು ಹೇಗೆ ಆಸ್ಪತ್ರೆಯ ಸ್ವಂತ ಲೋಪದೊಡನೆ ಬೆರೆತುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗದು.

ಒಂದು ಪ್ರಕರಣವನ್ನು ಬಿಡಿಸಿ ನೋಡಿದರೆ

ಜಿಲ್ಲಾ ಕೇಂದ್ರದ 40 ಹಾಸಿಗೆಯ ನರ್ಸಿಂಗ್ ಹೋಮ್ ಒಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಬೇರೆ ಊರಿನ ಶಸ್ತ್ರಚಿಕಿತ್ಸಕರು ಸೋಮವಾರ, ಗುರುವಾರ ಬರುತ್ತಾರೆ. ಹೊರಗಿನ ಬೋರ್ಡಿನಲ್ಲಿ ಅವರ ಹೆಸರಿದೆ. ಸೋಮವಾರ ಮಧ್ಯಾಹ್ನ ಉದರದರ್ಶಕದ ಮೂಲಕ ಒಬ್ಬ ಮಹಿಳೆಯ ಪಿತ್ತಕೋಶ ತೆಗೆದು ಸಂಜೆ ಹೊರಟುಹೋಗುತ್ತಾರೆ. ರಾತ್ರಿ ನಾಡಿಬಡಿತ 96ರಿಂದ 112ಕ್ಕೆ, ಬೆಳಗಿನ ಜಾವ 124ಕ್ಕೆ ಏರುತ್ತದೆ. ನರ್ಸ್ ಚಾರ್ಟಿನಲ್ಲಿ ಬರೆಯುತ್ತಾರೆ, ಹತ್ತಿರ ಬಂದ ಡ್ಯೂಟಿ ಡಾಕ್ಟರ್ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡುತ್ತಾರೆ. ನೋವಿನ ಇಂಜೆಕ್ಷನ್ ಕೊಡಿ, ಗುರುವಾರ ನೋಡುತ್ತೇನೆ ಎಂಬ ಉತ್ತರ ಬರುತ್ತದೆ. ಮಂಗಳವಾರ ಹೊಟ್ಟೆ ಉಬ್ಬುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಡ್ಯೂಟಿ ಡಾಕ್ಟರ್ ಮತ್ತೆ ಫೋನ್ ಮಾಡುವುದಿಲ್ಲ, ಸ್ಕ್ಯಾನ್ ಬರೆಯುವುದಿಲ್ಲ. ಬುಧವಾರ ರಾತ್ರಿ ಮನೆಯವರೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದಾಗ ಪಿತ್ತನಾಳ ಕತ್ತರಿಸಿ ಪಿತ್ತರಸ ಹೊಟ್ಟೆಯೊಳಗೆಲ್ಲ ಸೋರಿ ನಂಜಾಗಿದೆ ಎಂದು ತಿಳಿಯುತ್ತದೆ.

ಈ ಕಥೆಯಲ್ಲಿ ಕನಿಷ್ಠ ನಾಲ್ಕು ಗಂಟುಗಳಿವೆ. ಪಿತ್ತನಾಳಕ್ಕೆ ಪೆಟ್ಟಾದದ್ದೊಂದನ್ನೇ ನಿರ್ಲಕ್ಷ್ಯ ಎನ್ನಲಾಗದು. ಊತವಿದ್ದಾಗ ಪರಿಣತರ ಕೈಯಲ್ಲೂ ಅದು ಆಗುತ್ತದೆ. ಒಬ್ಬ ಸಾಮಾನ್ಯ ಕುಶಲ ವೈದ್ಯ ಏನು ಮಾಡುತ್ತಿದ್ದನೋ ಅದನ್ನು ಮಾಡಿದರೆ ಸಾಕು ಎಂಬುದು 1957ರ ಬೋಲಂ ಪ್ರಕರಣದಿಂದ ಬಂದ ಅಳತೆ, ಅದನ್ನು ನಮ್ಮ ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಒಪ್ಪಿಕೊಂಡಿದೆ. ನಾಡಿಬಡಿತ ಏರುತ್ತಿದೆಯೆಂದು ತಿಳಿದ ಮೇಲೂ ಬರದೆ, ಹತ್ತಿರದ ಇನ್ನೊಬ್ಬ ಶಸ್ತ್ರಚಿಕಿತ್ಸಕರಿಗೆ ಒಪ್ಪಿಸದೆ ಇದ್ದದ್ದು ಆ ಅಳತೆಗೆ ತೀರ ಕೆಳಗೆ. ಅದು ಸಂದರ್ಶಕರ ನಿರ್ಲಕ್ಷ್ಯ, ಆಸ್ಪತ್ರೆಯ ಮೇಲೆ ಪರೋಕ್ಷ ಹೊಣೆ. ಮಂಗಳವಾರ ಸುಮ್ಮನಿದ್ದದ್ದು ಡ್ಯೂಟಿ ಡಾಕ್ಟರ್ ತಪ್ಪು. ಅವರು ಸಂಬಳದವರು, ಅಲ್ಲೂ ಆಸ್ಪತ್ರೆಯ ಮೇಲೆ ಪರೋಕ್ಷ ಹೊಣೆ. ಶಸ್ತ್ರಚಿಕಿತ್ಸಕರು ಊರಿನಲ್ಲಿಲ್ಲದ ದಿನಗಳಲ್ಲಿ ಅವರ ರೋಗಿಗಳನ್ನು ಯಾರು ನೋಡಿಕೊಳ್ಳಬೇಕು ಎಂಬ ಏರ್ಪಾಡೇ ಇಲ್ಲದಿರುವುದು ಆಸ್ಪತ್ರೆಯ ನೇರ ಲೋಪ. ಅಂದರೆ ಶಸ್ತ್ರಚಿಕಿತ್ಸಕರು ನಮ್ಮ ನೌಕರರಲ್ಲ ಎಂಬ ವಾದ ಗೆದ್ದರೂ ಆಸ್ಪತ್ರೆ ಬಿಡುಗಡೆಯಾಗುವುದಿಲ್ಲ. ನಿಜಜೀವನದಲ್ಲಿ ಸಂದರ್ಶಕರ ತಪ್ಪು ಒಂಟಿಯಾಗಿ ನಡೆಯುವುದು ಅಪರೂಪ. ಹೊಟ್ಟೆಯೊಳಗೆ ಬಟ್ಟೆ ಉಳಿದುಹೋಗುವ ಪ್ರಕರಣಗಳಲ್ಲೂ ಹೀಗೆಯೇ: ಹೊಲಿಗೆ ಹಾಕಿದವರು ಹೊರಗಿನ ವೈದ್ಯರು, ಆದರೆ ಬಟ್ಟೆಗಳನ್ನು ಎಣಿಸಿ ಲೆಕ್ಕ ಸರಿಯಿದೆ ಎಂದವರು ಆಸ್ಪತ್ರೆಯ ನರ್ಸ್.

ಈ ರೋಗಿಗೆ 20 ಲಕ್ಷ ಪರಿಹಾರ ನಿಗದಿಯಾಯಿತು ಎಂದುಕೊಳ್ಳಿ. ಆಯೋಗ ಆಸ್ಪತ್ರೆ ಮತ್ತು ಶಸ್ತ್ರಚಿಕಿತ್ಸಕರನ್ನು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ ಮಾಡಿದರೆ ರೋಗಿ ಪೂರ್ತಿ ಮೊತ್ತವನ್ನು ಆಸ್ಪತ್ರೆಯಿಂದಲೇ ವಸೂಲಿ ಮಾಡಬಹುದು. ಆಮೇಲೆ ಶಸ್ತ್ರಚಿಕಿತ್ಸಕರಿಂದ ಎಷ್ಟು ಪಡೆಯಬೇಕು ಎಂಬುದು ಆಸ್ಪತ್ರೆಯ ತಲೆನೋವು, ರೋಗಿಯದಲ್ಲ.

ಭೇದ ಉಳಿದಿರುವ ಜಾಗಗಳು

ಸಂಬಳದವರು, ಸಂದರ್ಶಕರು ಎಂಬ ವ್ಯತ್ಯಾಸ ಇನ್ನೂ ಕೆಲಸ ಮಾಡುವುದು ಆಸ್ಪತ್ರೆಯ ಒಳಲೆಕ್ಕದಲ್ಲಿ. ಸಂದರ್ಶಕರೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಸಾಮಾನ್ಯವಾಗಿ ಅವರು ಸ್ವತಂತ್ರ ವೃತ್ತಿಪರರು ಎಂಬ ಸಾಲು, ಶುಲ್ಕ ಹಂಚಿಕೆಯ ಪ್ರಮಾಣ, ಅವರ ತಪ್ಪಿನಿಂದ ಆಸ್ಪತ್ರೆ ತೆತ್ತ ಪರಿಹಾರವನ್ನು ಅವರು ತುಂಬಿಕೊಡಬೇಕು ಎಂಬ ಷರತ್ತು, ಸ್ವಂತ ವೃತ್ತಿವಿಮೆ ಇಟ್ಟುಕೊಳ್ಳಬೇಕು ಎಂಬ ಷರತ್ತು ಇರುತ್ತವೆ. ಡ್ಯೂಟಿ ಡಾಕ್ಟರ್ ಮೇಲೆ ಆಸ್ಪತ್ರೆ ಹೀಗೆ ವಸೂಲಿಗೆ ಹೋಗುವುದು ವಿರಳ. ಅವರ ತಪ್ಪಿನ ಭಾರ ಕೊನೆಗೂ ಆಸ್ಪತ್ರೆಯ ಮೇಲೆಯೇ ನಿಲ್ಲುತ್ತದೆ. ಸಂದರ್ಶಕರ ತಪ್ಪಿನ ಭಾರ ಆಸ್ಪತ್ರೆಯ ಮೂಲಕ ಹಾದು, ಒಪ್ಪಂದ ಗಟ್ಟಿಯಾಗಿದ್ದರೆ, ಅವರ ವಿಮೆಗೆ ಹೋಗಿ ಸೇರುತ್ತದೆ.

ಬಹಳ ಆಸ್ಪತ್ರೆಗಳು ಎಡವುವುದು ಈ ವಿಮೆಯಲ್ಲಿ. ಆಸ್ಪತ್ರೆಯ ಪಾಲಿಸಿ ಅದರ ನೌಕರರ ತಪ್ಪನ್ನು ಒಳಗೊಳ್ಳುತ್ತದೆ. ಸಂದರ್ಶಕರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ, ಅಥವಾ ಅವರ ತಪ್ಪಿನಿಂದ ಹುಟ್ಟುವ ಪರೋಕ್ಷ ಹೊಣೆಯನ್ನು ಬಿಟ್ಟಿದ್ದರೆ, ಕಂಪನಿ ಕೈಚೆಲ್ಲಬಹುದು. ವೈದ್ಯರ ಪಾಲಿಸಿಗಳು ಬಹುತೇಕ ದೂರು ಬಂದ ದಿನವನ್ನು ಹಿಡಿದು ನಡೆಯುತ್ತವೆ, ತಪ್ಪಾದ ದಿನವನ್ನಲ್ಲ. ಶಸ್ತ್ರಚಿಕಿತ್ಸೆ ಮಾಡಿದಾಗ ವಿಮೆ ಇದ್ದು, ವೈದ್ಯರು ನಡುವೆ ಅದನ್ನು ನವೀಕರಿಸದೆ ಬಿಟ್ಟು, ಒಂದೂವರೆ ವರ್ಷದ ಬಳಿಕ ನೋಟಿಸ್ ಬಂದರೆ ರಕ್ಷಣೆ ಸಿಗುವುದಿಲ್ಲ. ಪ್ರತಿವರ್ಷ ಸಂದರ್ಶಕರಿಂದ ಪಾಲಿಸಿಯ ಪ್ರತಿ ಕೇಳಿ ಕಡತದಲ್ಲಿಡುವ ಆಸ್ಪತ್ರೆ ಮಾತ್ರ ನಿಶ್ಚಿಂತೆಯಿಂದ ಇರಬಲ್ಲದು.

ತೆರಿಗೆಯಲ್ಲೂ ಭೇದವಿದೆ. ಮಣಿಪಾಲ್ ಹೆಲ್ತ್ ಸಿಸ್ಟಮ್ಸ್ ಪ್ರಕರಣದಲ್ಲಿ 2015ರಲ್ಲಿ ಕರ್ನಾಟಕ ಹೈಕೋರ್ಟು, ಅಲ್ಲಿನ ಕನ್ಸಲ್ಟೆಂಟ್ ವೈದ್ಯರಿಗೆ ಕೊಡುತ್ತಿದ್ದದ್ದು ಸಂಬಳವಲ್ಲ, ವೃತ್ತಿಶುಲ್ಕ ಎಂದು ಹೇಳಿತು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದಕ್ಕೆ ಮೂಲದಲ್ಲಿ ತೆರಿಗೆ ಹಿಡಿಯುವ ಕಲಮು ಬೇರೆ ಇತ್ತು. ಆದರೆ ತೆರಿಗೆಯ ಮುಂದೆ ಸ್ವತಂತ್ರ ವೃತ್ತಿಪರರು ಎಂದು ಗೆದ್ದ ವೈದ್ಯರ ತಪ್ಪಿಗೂ ರೋಗಿಯ ಮುಂದೆ ಆಸ್ಪತ್ರೆ ಹೊಣೆಯಾಗಬಲ್ಲದು. ಎರಡು ಕಾನೂನುಗಳು ಕೇಳುವ ಪ್ರಶ್ನೆಗಳೇ ಬೇರೆ. ಒಂದರ ಉತ್ತರವನ್ನು ಇನ್ನೊಂದರ ಮುಂದೆ ಇಡುವ ವಕೀಲರನ್ನು ಆಯೋಗಗಳು ನಿರಾಸೆಗೊಳಿಸಿವೆ.

ಹೊಣೆ ನಿಲ್ಲುವ ಕಡೆ

ವೈದ್ಯರ ತಪ್ಪೇ ಸಾಬೀತಾಗದಿದ್ದರೆ ಪರೋಕ್ಷ ಹೊಣೆಯ ಮಾತಿಲ್ಲ. 2021ರ ನವೆಂಬರ್ 30ರಂದು ಬಾಂಬೆ ಹಾಸ್ಪಿಟಲ್‌ನ ಮತ್ತೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಆಯೋಗ ಕೊಟ್ಟಿದ್ದ ಪರಿಹಾರವನ್ನು ರದ್ದು ಮಾಡಿತು. ರೋಗಿ ಉಳಿಯಲಿಲ್ಲ ಎಂದ ಮಾತ್ರಕ್ಕೆ ನಿರ್ಲಕ್ಷ್ಯ ಆಗುವುದಿಲ್ಲ, ಹಿರಿಯ ವೈದ್ಯರು ಹಾಸಿಗೆಯ ಪಕ್ಕದಲ್ಲೇ ಕಾದು ಕೂರಬೇಕೆಂದು ನಿರೀಕ್ಷಿಸುವಂತಿಲ್ಲ ಎಂದು ಅದು ಹೇಳಿತು.

ಇನ್ನೊಂದು ಗಡಿ ರೋಗಿಯೇ ವೈದ್ಯರನ್ನು ಆರಿಸಿ ತಂದ ಸಂದರ್ಭ. ರೋಗಿ ಮೊದಲಿಂದ ತನ್ನ ವೈದ್ಯರ ಸ್ವಂತ ಕ್ಲಿನಿಕ್ಕಿಗೆ ಹೋಗುತ್ತಿದ್ದು, ಅವರಿಗೇ ನೇರವಾಗಿ ಶುಲ್ಕ ಕೊಟ್ಟು, ಅವರು ಹೇಳಿದ ನರ್ಸಿಂಗ್ ಹೋಮಿನ ಥಿಯೇಟರನ್ನು ಬಾಡಿಗೆಗೆ ಪಡೆದಿದ್ದರೆ ಡೆನ್ನಿಂಗ್ ಅವರ ಪ್ರಶ್ನೆಗೆ ಉತ್ತರ ಬದಲಾಗುತ್ತದೆ. 1989ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಮೇಲ್ಮನವಿ ನ್ಯಾಯಾಲಯ ವಾಲ್ಸೆಂಡ್ ಆಸ್ಪತ್ರೆಯ ಪ್ರಕರಣದಲ್ಲಿ ಇಂಥ ವೈದ್ಯರ ತಪ್ಪಿಗೆ ಆಸ್ಪತ್ರೆ ಹೊಣೆಯಲ್ಲ ಎಂದಿತು. ನಮ್ಮಲ್ಲಿ ಸಣ್ಣ ಊರುಗಳ ನರ್ಸಿಂಗ್ ಹೋಮ್‌ಗಳಿಗೆ ಈ ಪ್ರತಿವಾದ ನಿಜವಾಗಿ ಲಭ್ಯವಿದೆ, ಆದರೆ ಬೋರ್ಡಿನ ಮೇಲೆ ಆ ವೈದ್ಯರ ಹೆಸರು ಹಾಕಿ, ಒಂದೇ ಬಿಲ್ಲು ಕೊಟ್ಟ ಕೂಡಲೇ ಅದು ಸಡಿಲವಾಗುತ್ತದೆ. ಆಗಲೂ ತನ್ನ ನರ್ಸ್‌ಗಳು, ಉಪಕರಣಗಳು, ಸೋಂಕು ತಡೆಯ ಕ್ರಮಗಳ ವಿಷಯದಲ್ಲಿ ನರ್ಸಿಂಗ್ ಹೋಮಿನ ಹೊಣೆ ಹಾಗೆಯೇ ಇರುತ್ತದೆ. ದಾಖಲಾತಿಯ ಸಮ್ಮತಿಪತ್ರದಲ್ಲಿ ‘ವೈದ್ಯರ ತಪ್ಪಿಗೆ ಆಸ್ಪತ್ರೆ ಜವಾಬ್ದಾರಿಯಲ್ಲ’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸುವ ರೂಢಿಯನ್ನು ಆಸ್ಪತ್ರೆಗಳು ಕೈಬಿಡುವುದು ಒಳ್ಳೆಯದು. ನೋವಿನಲ್ಲಿ ನರಳುವವರ ಮುಂದೆ ಇಟ್ಟು ಸಹಿ ಹಾಕಿಸಿದ ಕಾಗದದ ಬಲದಿಂದ ನಿರ್ಲಕ್ಷ್ಯ ಮಾಫಿಯಾಗುವುದಿಲ್ಲ.

ಕ್ರಿಮಿನಲ್ ಹೊಣೆ ಹೀಗೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಸಾವಿಗೆ ಕಾರಣವಾದ ನಿರ್ಲಕ್ಷ್ಯದ ಕ್ರಿಮಿನಲ್ ಮೊಕದ್ದಮೆಯಲ್ಲಿ ಘೋರ ನಿರ್ಲಕ್ಷ್ಯ ಎಸಗಿದ ವ್ಯಕ್ತಿಯೇ ಉತ್ತರ ಕೊಡಬೇಕು.

ದೂರು ಕೊಡುವವರು ತಿಳಿದಿರಬೇಕಾದದ್ದು

ವೈದ್ಯರ ಸ್ಥಾನಮಾನ ಯಾವುದೆಂದು ರೋಗಿ ಪತ್ತೆಹಚ್ಚಬೇಕಿಲ್ಲ, ಆದರೆ ಅವರನ್ನು ಒದಗಿಸಿದ್ದು ಆಸ್ಪತ್ರೆಯೇ ಎಂದು ತೋರಿಸುವ ಕಾಗದಗಳನ್ನು ಉಳಿಸಿಕೊಳ್ಳಬೇಕು. ಹಣ ಕಟ್ಟಿದ ರಸೀದಿ ಯಾರ ಹೆಸರಿನಲ್ಲಿದೆ, ಔಷಧಚೀಟಿ ಯಾರ ಲೆಟರ್‌ಹೆಡ್‌ನಲ್ಲಿದೆ, ಅಪಾಯಿಂಟ್‌ಮೆಂಟ್ ಕೊಟ್ಟವರು ಯಾರು ಎಂಬುವೇ ಮುಂದೆ ಸಾಕ್ಷ್ಯವಾಗುತ್ತವೆ. 2002ರ ವೈದ್ಯಕೀಯ ವೃತ್ತಿನೀತಿ ನಿಯಮಗಳಂತೆ ರೋಗಿ ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆಗಳ ಪ್ರತಿ ಕೊಡಬೇಕು. ಹಾನಿಯ ಅನುಮಾನ ಬಂದ ದಿನವೇ ಬರವಣಿಗೆಯಲ್ಲಿ ಕೇಳಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯುವುದು ಮೇಲು. ನರ್ಸ್ ಬರೆದ ಗಂಟೆಗಂಟೆಯ ಚಾರ್ಟು ಡಿಸ್ಚಾರ್ಜ್ ಸಾರಾಂಶಕ್ಕಿಂತ ಹೆಚ್ಚು ಹೇಳುತ್ತದೆ, ಅದನ್ನೇ ಹೆಸರಿಸಿ ಕೇಳಬೇಕು.

2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ಯಾವ ಆಯೋಗಕ್ಕೆ ಹೋಗಬೇಕೆಂಬುದು ಕೇಳುವ ಪರಿಹಾರದ ಮೇಲಲ್ಲ, ಚಿಕಿತ್ಸೆಗೆ ಕೊಟ್ಟ ಹಣದ ಮೇಲೆ ನಿಂತಿದೆ. 2021ರ ಡಿಸೆಂಬರಿನ ನಿಯಮದಂತೆ ಆ ಹಣ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೆ. ಆಸ್ಪತ್ರೆಯನ್ನು ಮೊದಲ ಎದುರುದಾರರನ್ನಾಗಿ ಹೆಸರಿಸಿ, ಗೊತ್ತಿದ್ದರೆ ವೈದ್ಯರನ್ನೂ ಸೇರಿಸಿ. ವೈದ್ಯರ ಹೆಸರು ಗೊತ್ತಿಲ್ಲದಿದ್ದರೂ ದೂರು ನಿಲ್ಲುತ್ತದೆ.